ನೋಡುತ್ತ ನಿಂತವರಿಗೆ ಯಾವ ಆಟ? ಹಾಸ್ಟೆಲಿನ ಹನ್ನೆರಡು ವರ್ಷದ ಮಕ್ಕಳಿಗೆ ನಾಲ್ಕು ಆಟಗಳ ಹೋಲಿಕೆ

ರಾತ್ರಿ ಲೈಟ್ ಆರಿಸಿ ಐದು ನಿಮಿಷ ಆಗಿದೆ. ಡಾರ್ಮಿಟರಿಯ ಒಂದು ಮೂಲೆಯಿಂದ ಯಾರೋ ಬೇಕಂತಲೇ ತೊದಲುತ್ತ "ಗು... ಗು... ಗುಡ್ ನೈಟ್" ಅನ್ನುತ್ತಾನೆ. ಇನ್ನೊಂದು ಮೂಲೆಯಿಂದ ಕಿಸಕ್ಕನೆ ನಗು. ಆಮೇಲೆ ನಾಲ್ಕು ಹಾಸಿಗೆಗಳಿಂದ ಅದೇ "ಗು... ಗು...". ನಿಜವಾಗಿ ತೊದಲುವ ಹುಡುಗ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಾನೆ. ಆ ಕೋಣೆಯಲ್ಲಿ ಇಪ್ಪತ್ತು ಮಕ್ಕಳಿದ್ದಾರೆ ಅಂದುಕೊಳ್ಳಿ. ಶುರು ಮಾಡಿದವನು ಒಬ್ಬ, ದನಿಗೂಡಿಸಿದವರು ನಾಲ್ವರು, ಕಾಟ ಅನುಭವಿಸಿದವನು ಒಬ್ಬ. ಉಳಿದ ಹದಿನಾಲ್ಕು ಮಂದಿ ಎಚ್ಚರವಾಗಿಯೇ ಇದ್ದರು. ಎಲ್ಲ ಕೇಳಿಸಿಕೊಂಡರು. ಇಂಥ ಕಾಟ ಕಂಡಾಗ ಏನು ಮಾಡಬೇಕು ಅಂತ ಕಲಿಸಲು ಯಾವ ಆಟ ಆಡಿಸಬೇಕು ಅನ್ನುವ ಪ್ರಶ್ನೆ ಮುಖ್ಯವಾಗಿ ಈ ಹದಿನಾಲ್ಕು ಮಂದಿಯ ಬಗ್ಗೆ.

ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಜೊತೆಯವರು 1996ರಲ್ಲಿ ಹನ್ನೆರಡು-ಹದಿಮೂರು ವರ್ಷದ ಮಕ್ಕಳನ್ನೇ ನೋಡಿ, ಕಾಟ ಅನ್ನುವುದು ಇಬ್ಬರ ನಡುವಿನ ವ್ಯವಹಾರ ಅಲ್ಲ, ಇಡೀ ಗುಂಪಿನ ಆಟ ಎಂದು ತೋರಿಸಿದರು. ಕಾಟ ಕೊಡುವವನು, ಅವನ ಬಲಗೈ, ನಕ್ಕು ಹುರಿದುಂಬಿಸುವವನು, ದೂರ ಸರಿಯುವವನು, ಪರ ನಿಲ್ಲುವವನು, ಕಾಟಕ್ಕೆ ಸಿಕ್ಕಿಬಿದ್ದವನು: ಹೀಗೆ ಆರು ಪಾತ್ರಗಳು. ಇನ್ನೊಂದು ಲೆಕ್ಕವೂ ಇದೆ. ಟೊರಾಂಟೋದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ಮಾಡಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100ಕ್ಕೆ 88 ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು, ಆದರೆ ಅಡ್ಡ ಬಂದದ್ದು 19ರಲ್ಲಿ ಮಾತ್ರ. ಅಡ್ಡ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ ಕಾಟ ಹತ್ತೇ ಸೆಕೆಂಡಿನಲ್ಲಿ ನಿಂತಿತು.

ಈ ಕೊನೆಯ ಮಾತು ಓದಿದವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. "ಹಾಗಾದರೆ ಮಕ್ಕಳಿಗೆ ಧೈರ್ಯವಾಗಿ ಅಡ್ಡ ಹೋಗೋಕೆ ಕಲಿಸೋಣ" ಅನ್ನುವುದು. ಮೈದಾನದಲ್ಲಿ ಅಡ್ಡ ಹೋದ ಹುಡುಗ ಸಂಜೆ ತನ್ನ ಮನೆಗೆ ಹೋಗುತ್ತಾನೆ. ಹಾಸ್ಟೆಲಿನಲ್ಲಿ ಅಡ್ಡ ಹೋದವನು ಅದೇ ಕೋಣೆಯಲ್ಲಿ, ಕೆಲವು ಸಲ ಅದೇ ಬಂಕ್ ಮಂಚದ ಕೆಳಗಿನ ಹಾಸಿಗೆಯಲ್ಲಿ ಮಲಗಬೇಕು. ಹಗಲು ಮಾಡಿದ್ದಕ್ಕೆ ರಾತ್ರಿ ಲೆಕ್ಕ ಚುಕ್ತಾ ಆಗುತ್ತದೆ. ಅದಕ್ಕೇ ಆಟ ಆರಿಸುವಾಗ ನಾನು ಮೊದಲು ನೋಡುವುದು ಎರಡೇ ವಿಷಯ. ಈ ಆಟ ಕಲಿಸುವ ಕೆಲಸವನ್ನು ಮಾಡಿದ ಮಗು ಆ ರಾತ್ರಿ ನೆಮ್ಮದಿಯಾಗಿ ಮಲಗಬಹುದಾ? ಮತ್ತೆ, ಆಟದಲ್ಲಿ ಎಲ್ಲರ ಕಣ್ಣು ಯಾರ ಮೇಲಿರುತ್ತದೆ, ಕಾಟ ಕೊಡುವವನ ಮೇಲೋ, ನೋಡುತ್ತಿರುವವರ ಮೇಲೋ?

ಆಟಗಳಿಗೆ ನೂರೆಂಟು ಹೆಸರುಗಳಿವೆ. ಆದರೆ ಒಳಗಿನ ರಚನೆ ನೋಡಿದರೆ ನಾಲ್ಕೇ ಬಗೆ: ಚೀಟಿ ಬರೆದು ಮೂಲೆಗೆ ಹೋಗುವ ಆಟ, ಕಾರ್ಡಿನ ಆಟ, ಕಂಪ್ಯೂಟರ್ ಆಟ, ನಿಲ್ಲಿಸಿ ಪಾತ್ರ ಬದಲಿಸುವ ನಾಟಕ.

ಚೀಟಿ ಮತ್ತು ಮೂಲೆ

ಒಂದು ಸನ್ನಿವೇಶ ಓದುತ್ತೀರಿ. ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಉತ್ತರ: "ನಾನೂ ನಗ್ತೀನಿ", "ಸುಮ್ನೆ ಇರ್ತೀನಿ", "ಅವನ ಪಕ್ಕ ಹೋಗ್ತೀನಿ", "ದೊಡ್ಡವರಿಗೆ ಹೇಳ್ತೀನಿ". ಮಕ್ಕಳು ತಮ್ಮ ಉತ್ತರದ ಮೂಲೆಗೆ ಹೋಗಿ ನಿಲ್ಲಬೇಕು. ಇಪ್ಪತ್ತು ನಿಮಿಷ ಸಾಕು, ಒಬ್ಬರೇ ನಡೆಸಬಹುದು, ನಲವತ್ತು ಮಕ್ಕಳಿದ್ದರೂ ತೊಂದರೆಯಿಲ್ಲ.

ಹೀಗೇ ಆಡಿಸಿದರೆ ಮಾತ್ರ ಕೆಟ್ಟ ಆಟ. ಹನ್ನೆರಡು ವರ್ಷದವರು ಉತ್ತರ ಯೋಚಿಸುವುದಿಲ್ಲ, ಗುಂಪಿನ ಗಟ್ಟಿಗ ಎತ್ತ ಹೊರಟ ಅಂತ ನೋಡುತ್ತಾರೆ. ಅವನು ವಾರ್ಡನ್ ಮುಖ ನೋಡಿ "ದೊಡ್ಡವರಿಗೆ ಹೇಳ್ತೀನಿ" ಮೂಲೆಗೆ ಹೋದರೆ ಹಿಂಡೆಲ್ಲ ಅತ್ತ. ನಿಮಗೆ ಖುಷಿ, ಅವರಿಗೆ ಆಟ ಮುಗಿದ ಖುಷಿ.

ಒಂದು ಸಣ್ಣ ಬದಲಾವಣೆ ಮಾಡಿದರೆ ಇದೇ ಆಟ ಚಿನ್ನದಂಥದ್ದು. ಮೊದಲು ಎಲ್ಲರೂ ಹೆಸರಿಲ್ಲದೆ ಚೀಟಿಯಲ್ಲಿ ಎರಡು ಸಾಲು ಬರೆಯಲಿ: "ಇದನ್ನು ನೋಡಿದಾಗ ನನಗೆ ಏನನ್ನಿಸುತ್ತೆ" ಮತ್ತು "ಉಳಿದವರಿಗೆ ಏನನ್ನಿಸುತ್ತೆ ಅಂತ ನನ್ನ ಊಹೆ". ಕೆಳಗೆ ಒಂದು ಮೂಲೆಯ ಹೆಸರು. ಕೈಬರಹ ಗುರುತು ಸಿಗಬಾರದು ಅಂದರೆ ಮುಂಚೆಯೇ ಅಚ್ಚು ಹಾಕಿದ ಚೀಟಿ ಕೊಟ್ಟು ಟಿಕ್ ಮಾಡಿಸಿ. ಚೀಟಿಗಳನ್ನೆಲ್ಲ ಒಂದು ಟೋಪಿಗೆ ಹಾಕಿ ಕಲೆಸಿ ಹಂಚಿ. ಈಗ ಪ್ರತಿಯೊಬ್ಬರೂ ಕೈಗೆ ಸಿಕ್ಕ ಚೀಟಿಯ ಪ್ರಕಾರ ಮೂಲೆಗೆ ಹೋಗುತ್ತಾರೆ. ಅಂದರೆ ಬೇರೆ ಯಾರದೋ ಉತ್ತರವನ್ನು ತಾವು ನಿಂತು ತೋರಿಸುತ್ತಾರೆ.

ಆಗ ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆಯಿರಿ: "ನನಗೆ ಇಷ್ಟ ಆಗಲ್ಲ" ಅಂದವರು ಎಷ್ಟು, "ಬೇರೆಯವರಿಗೆ ಇದು ತಮಾಷೆ" ಅಂದವರು ಎಷ್ಟು. ಎರಡೂ ದೊಡ್ಡದಾಗಿ ಬಂದರೆ ನಿಮ್ಮ ಕೆಲಸ ಮುಕ್ಕಾಲು ಆದಂತೆ. ನನಗೊಬ್ಬನಿಗೇ ಕಸಿವಿಸಿ, ಉಳಿದವರಿಗೆಲ್ಲ ಮಜಾ ಅಂತ ಪ್ರತಿಯೊಬ್ಬನೂ ಅಂದುಕೊಂಡು ಸುಮ್ಮನಿದ್ದ. ಆ ಸುಮ್ಮನಿರುವಿಕೆ ನೋಡಿ ಪಕ್ಕದವನೂ ಹಾಗೇ ಅಂದುಕೊಂಡ. ಕತ್ತಲೆಯ ಡಾರ್ಮಿಟರಿಯಲ್ಲಂತೂ ಮುಖವೂ ಕಾಣುವುದಿಲ್ಲ, ಕೇಳಿಸುವುದು ನಗು ಮಾತ್ರ.

ಇದರ ಮಿತಿ: ಮಗು ಬಾಯಿ ಬಿಡುವುದಿಲ್ಲ. ಏನು ಮಾಡಬೇಕು ಅಂತ ಗೊತ್ತಾಗುತ್ತದೆ, ಮಾಡಿ ಅಭ್ಯಾಸ ಆಗುವುದಿಲ್ಲ. ಹಾಗಾಗಿ ಇದು ಮೊದಲನೆಯ ಆಟವೇ ಹೊರತು ಒಂದೇ ಆಟ ಅಲ್ಲ.

ಕಾರ್ಡಿನ ಆಟ

ನಾಲ್ಕು ಮಕ್ಕಳ ಗುಂಪು, ಮೂರು ಕಟ್ಟು ಕಾರ್ಡು. ಮೊದಲ ಕಟ್ಟಿನಲ್ಲಿ ಸನ್ನಿವೇಶ, ಎರಡನೆಯದರಲ್ಲಿ ನೋಡುವವರು ಮಾಡಬಹುದಾದ ಕೆಲಸ, ಮೂರನೆಯದರಲ್ಲಿ "ಆಮೇಲೆ ಏನಾಯ್ತು". ಕೈಯಲ್ಲಿ ಮಾಡಿಕೊಳ್ಳಬಹುದು. ಸನ್ನಿವೇಶ ಹನ್ನೆರಡು, ಕೆಲಸ ಇಪ್ಪತ್ತು, ಆಮೇಲಿನದು ಹದಿನೈದು ಇದ್ದರೆ ಒಂದು ಟರ್ಮ್ ಓಡುತ್ತದೆ.

ಆಟದ ಜೀವ ಇರುವುದು ಮೂರನೆಯ ಕಟ್ಟಿನಲ್ಲಿ. ಮಾರುಕಟ್ಟೆಯಲ್ಲಿ ಸಿಗುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ, ಇದ್ದರೂ ಬರೀ ಸಿಹಿ. ನಿಮ್ಮದರಲ್ಲಿ ನಿಜವಾದ್ದು ಇರಲಿ: "ಅವನು ನಿನ್ನ ಕಡೆ ತಿರುಗಿ, ನಿಂಗೇನೋ ಅಂದ." "ಸಹಾಯ ಮಾಡೋಕೆ ಹೋದರೆ ಅವನೇ, ನಂಗೇನೂ ಆಗಿಲ್ಲ ಹೋಗು ಅಂದ." "ವಾರ್ಡನ್ ಕೆಲಸದಲ್ಲಿದ್ದರು, ಆಮೇಲೆ ಬಾ ಅಂದರು." ಈ ಮೂರನೆಯದು ಬಂದಾಗ ಮಕ್ಕಳು ಕಿಲಕಿಲ ನಗುತ್ತಾರೆ, ನಮಗೆ ಮುಖ ಚಿಕ್ಕದಾಗುತ್ತದೆ. ಆಗಲಿ ಬಿಡಿ. ಒಂದು ಸಲ "ಆಮೇಲೆ ಬಾ" ಅಂದರೆ ಇನ್ನೊಬ್ಬ ದೊಡ್ಡವರನ್ನು ಹುಡುಕಬೇಕು ಅನ್ನುವುದು ಕಲಿಯಬೇಕಾದ ಪಾಠವೇ.

ನಾಟಕಕ್ಕೆ ನಾಚುವ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಆಟ. ಇನ್ನೊಂದು ಕಡೆ ಇದಕ್ಕೆ ಸಾಟಿಯೇ ಇಲ್ಲ: ದೂರ ಇಡುವ ಕಾಟಕ್ಕೆ. ಹುಡುಗಿಯರ ಹಾಸ್ಟೆಲಿನಲ್ಲಿ ಜಾಸ್ತಿ ಅನ್ನುತ್ತಾರೆ, ನನ್ನ ಅನುಭವದಲ್ಲಿ ಹುಡುಗರೂ ಕಡಿಮೆಯಿಲ್ಲ. ಠೂ ಬಿಡುವುದು, ಊಟದ ಮೇಜಿನಲ್ಲಿ "ಇಲ್ಲಿ ಯಾರೋ ಇದ್ದಾರೆ" ಅನ್ನುವುದು, ಅವಳು ಬಂದ ಕೂಡಲೇ ಮಾತು ನಿಲ್ಲಿಸುವುದು. ಇದನ್ನು ನಾಟಕ ಮಾಡಿಸಲು ಹೋಗಿ, ವೇದಿಕೆಯ ಮೇಲೆ ಏನೂ ನಡೆಯುವುದಿಲ್ಲ! ನಿಲ್ಲಿಸು ಅನ್ನಲು ಜಾಗವೇ ಸಿಗುವುದಿಲ್ಲ. ಕಾರ್ಡಿನಲ್ಲಾದರೆ "ಮೂರು ದಿನದಿಂದ ಅವಳ ಜೊತೆ ಯಾರೂ ಮಾತಾಡಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಂದಿಡಬಹುದು.

ಎಚ್ಚರ ಇರಲಿ, ಆರು ಪಾತ್ರಗಳನ್ನು ಗುಟ್ಟಾಗಿ ಹಂಚಿ "ಯಾರು ಕಾಟಗಾರ, ಹುಡುಕಿ" ಅನ್ನುವ ಕಾರ್ಡಿನಾಟಗಳೂ ಇವೆ. ಆಡಲು ಬಹಳ ಮಜಾ. ಆದರೆ ಮಕ್ಕಳ ಪೂರ್ತಿ ಗಮನ ಕಾಟಗಾರನನ್ನು ಪತ್ತೆ ಹಚ್ಚುವುದರ ಮೇಲೆ, ಅವನು ಜಾಣತನದಿಂದ ತಪ್ಪಿಸಿಕೊಳ್ಳುವುದರ ಮೇಲೆ. ನೋಡುವವರಿಗೆ ಅಲ್ಲಿ ಕೆಲಸವೇ ಇಲ್ಲ. ನಾನಾದರೆ ಬೇಡ ಅನ್ನುತ್ತೇನೆ.

ಕಂಪ್ಯೂಟರ್ ಆಟ

ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಿವಾ ಕಾರ್ಯಕ್ರಮದಲ್ಲಿ ಇಂಥದ್ದೊಂದು ಆಟ ಇದೆ. ಮಗು ಪರದೆಯ ಶಾಲೆಯೊಳಗೆ ಓಡಾಡುತ್ತ ಕಾಟದ ಪ್ರಸಂಗಗಳನ್ನು ನೋಡಿ ಏನು ಮಾಡಬೇಕು ಅಂತ ಆರಿಸುತ್ತದೆ. ದೊಡ್ಡ ಲಾಭ ಒಂದೇ: ತಪ್ಪು ಆರಿಸಿದರೆ ನೋಡಿ ನಗುವವರು ಯಾರೂ ಇಲ್ಲ. ಆದರೆ ಅಲ್ಲೂ ಆಟ ಒಂಟಿಯಾಗಿ ಬರುವುದಿಲ್ಲ, ತರಗತಿಯ ಪಾಠಗಳ ಜೊತೆ ಹೊಂದಿಸಿದ್ದಾರೆ. ಪಾಠ ಬಿಟ್ಟು ಬರೀ ಆಟ ಹಾಕಿಕೊಟ್ಟರೆ ಮಕ್ಕಳು ಅಂಕ ಬರುವ ಉತ್ತರವನ್ನು ಎರಡೇ ದಿನದಲ್ಲಿ ಪತ್ತೆ ಮಾಡುತ್ತಾರೆ. ಮತ್ತೆ ಪರದೆಯ ಶಾಲೆಯಲ್ಲಿ ನಿಮ್ಮ ಹಾಸ್ಟೆಲಿನ ರಾತ್ರಿ ಹತ್ತು ಗಂಟೆ ಇರುವುದಿಲ್ಲ. ಹೊಸದಾಗಿ ಸೇರಿದ, ಇನ್ನೂ ಯಾರ ಜೊತೆಗೂ ಬೆರೆಯದ ಮಗುವಿಗೆ ಪರವಾಗಿಲ್ಲ.

ನಿಲ್ಲಿಸಿ ಬದಲಿಸುವ ನಾಟಕ

ಇದರ ಮೂಲ ಬ್ರೆಜಿಲಿನ ರಂಗಕರ್ಮಿ ಆಗಸ್ಟೊ ಬೋಆಲ್ ರೂಪಿಸಿದ ಫೋರಂ ಥಿಯೇಟರ್. ಒಂದು ಸಣ್ಣ ದೃಶ್ಯವನ್ನು ಕೆಟ್ಟ ಕೊನೆಯವರೆಗೆ ಆಡುತ್ತಾರೆ. ಎರಡನೇ ಸಲ ಅದನ್ನೇ ಆಡುವಾಗ ನೋಡುಗರಲ್ಲಿ ಯಾರಾದರೂ "ನಿಲ್ಲಿಸು" ಅಂತ ಕೂಗಿ, ಒಬ್ಬರ ಜಾಗಕ್ಕೆ ತಾವು ಹೋಗಿ ಬೇರೆ ರೀತಿ ಮಾಡಿ ನೋಡುತ್ತಾರೆ. ಬೋಆಲ್ ಪದ್ಧತಿಯಲ್ಲಿ ಬದಲಾಗುವುದು ತುಳಿತಕ್ಕೆ ಸಿಕ್ಕವನ ಪಾತ್ರ. ನಮ್ಮ ಕೆಲಸಕ್ಕೆ ಅದನ್ನು ತಿರುಗಿಸಿಕೊಳ್ಳಬೇಕು: ನೋಡುವವರ ಪಾತ್ರ ಮಾತ್ರ ಬದಲಾಗಲಿ. ಸಿಕ್ಕಿಬಿದ್ದವನ ಜಾಗಕ್ಕೆ ಹೋಗಲು ಬಿಟ್ಟರೆ "ಅವನು ಹೀಗೆ ಮಾಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು" ಅನ್ನುವ ಅರ್ಥ ಬರುತ್ತದೆ, ತಪ್ಪು ಅವನ ತಲೆಗೆ ಬರುತ್ತದೆ.

ನಾಲ್ಕರಲ್ಲಿ ಅತ್ಯಂತ ಶಕ್ತಿಯ ಆಟ ಇದೇ, ಅತ್ಯಂತ ಅಪಾಯದ್ದೂ ಇದೇ. ಅಪಾಯ ನಾನು ಕೈಯಾರೆ ಮಾಡಿಕೊಂಡದ್ದು. ಮೊದಲ ವರ್ಷ ಕಾಟ ಕೊಡುವವನ ಪಾತ್ರವನ್ನು ಚೆನ್ನಾಗಿ ನಟಿಸುವ ಹುಡುಗನಿಗೆ ಕೊಟ್ಟೆ. ಅವನು ಅಲ್ಲೇ ಸ್ಥಳದಲ್ಲಿ "ಸೊಳ್ಳೆ" ಅಂತ ಒಂದು ಅಡ್ಡಹೆಸರು ಹುಟ್ಟಿಸಿದ. ಕೋಣೆ ತುಂಬ ನಗು, ನಾನೂ ನಕ್ಕೆ. ಎದುರಿನ ಪಾತ್ರ ಮಾಡಿದ ಸಣಕಲು ಹುಡುಗ ಆ ರಾತ್ರಿಯಿಂದ ಪರೀಕ್ಷೆ ಮುಗಿಯುವವರೆಗೆ ಇಡೀ ಹಾಸ್ಟೆಲಿಗೆ ಸೊಳ್ಳೆ. ಕಾಟ ತಡೆಯುವ ಆಟ ಹೊಸ ಕಾಟ ಹಡೆಯಿತು. ಆಮೇಲೆ ಅವನನ್ನು ಕರೆದು ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಅಂದ, ನೆಲ ನೋಡುತ್ತ.

ಅಂದಿನಿಂದ ನಾಲ್ಕು ಕಟ್ಟುಪಾಡು. ಕಾಟ ಕೊಡುವವನ ಪಾತ್ರ ಯಾವತ್ತೂ ದೊಡ್ಡವರದು, ಮಕ್ಕಳಿಗೆ ಅದರ ಅಭ್ಯಾಸ ಬೇಕಾಗಿಲ್ಲ. ಸಿಕ್ಕಿಬಿದ್ದವನ ಪಾತ್ರಕ್ಕೆ ಒಂದು ಖಾಲಿ ಕುರ್ಚಿ, ಅದರ ಮೇಲೆ ಒಂದು ಟವೆಲ್. ಆ ಟವೆಲಿಗೆ ಹಾಸ್ಟೆಲಿನಲ್ಲಿ ಯಾರಿಗೂ ಇಲ್ಲದ ಒಂದು ಹೆಸರು. ಮತ್ತೆ, ದೃಶ್ಯದಲ್ಲಿ ಕೀಟಲೆಗೆ ಸಿಗುವ ಗುಣ ಆ ಕೋಣೆಯ ಯಾವ ಮಗುವಿನಲ್ಲೂ ಇರಬಾರದು. ತೊದಲುವ ಹುಡುಗ ಇದ್ದರೆ ತೊದಲಿನ ದೃಶ್ಯ ಬೇಡ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವವನು ಇದ್ದರೆ ಆ ಮಾತೇ ಬೇಡ. ದೃಶ್ಯ ಶುರುವಾದ ಕೂಡಲೇ ಎಲ್ಲರ ತಲೆ ಅವನ ಕಡೆ ತಿರುಗುತ್ತದೆ.

ತೊದಲುವವರು ಯಾರೂ ಇಲ್ಲದ ಒಂದು ಗುಂಪಿನಲ್ಲಿ, ಮೇಲೆ ಹೇಳಿದ "ಗುಡ್ ನೈಟ್" ದೃಶ್ಯವನ್ನೇ ಆಡಿಸಿದ್ದು ಹೀಗೆ. ಹದಿನಾಲ್ಕು ಮಕ್ಕಳು, ನಲವತ್ತೈದು ನಿಮಿಷ. ಸಹಾಯಕ ವಾರ್ಡನ್ ಕಾಟ ಕೊಡುವವರಾದರು, ಆರು ಮಕ್ಕಳು ಹಾಸಿಗೆಯ ಮೇಲೆ ಮಲಗಿದ ನೋಡುಗರಾದರು, ಕುರ್ಚಿಯ ಮೇಲೆ ಟವೆಲ್. ಲೈಟ್ ಆರಿಸಲಿಲ್ಲ, ಕಣ್ಣು ಮುಚ್ಚಿಕೊಳ್ಳಿ ಅಂದೆವು. ಮೊದಲ ಸಲ ಎರಡು ನಿಮಿಷ, ಕೆಟ್ಟ ಕೊನೆ.

ಎರಡನೇ ಸಲ, ನಿರೀಕ್ಷೆಯಂತೆ, ಮೊದಲು ನಿಲ್ಲಿಸಿದವನು ವೀರ. ಎದ್ದು ಕೂತು "ಏಯ್, ಸುಮ್ನಿರೋ!" ಅಂದ. ಸಹಾಯಕ ವಾರ್ಡನ್ ತಮ್ಮ ಕೆಲಸ ಸರಿಯಾಗಿ ಮಾಡಿದರು: "ಓಹೋ, ನಿಂಗ್ಯಾಕೋ ಉರಿ? ಅವನ ವಕೀಲನಾ?" ಹುಡುಗನಿಗೆ ಮುಂದಿನ ಮಾತು ಬರಲಿಲ್ಲ. ನಾನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದೆ: "ಈಗ ನಾಳೆ ಬೆಳಿಗ್ಗೆ ಇವನಿಗೇನಾಗುತ್ತೆ?" ಮಕ್ಕಳಿಗೆ ಉತ್ತರ ಚೆನ್ನಾಗಿ ಗೊತ್ತಿತ್ತು. "ಸರ್, ಇವನ ಶೂ ಮಾಯ."

ಎರಡನೆಯವನು ಬುದ್ಧಿ ಹೇಳಲು ಹೋದ. ಯಾರೂ ಕೇಳಲಿಲ್ಲ. ಮೂರನೆಯವನು "ಕಾಟ ಕೊಡುವವನಿಗೆ ಪಶ್ಚಾತ್ತಾಪ ಆಗಿಬಿಟ್ಟಿತು" ಅಂದ. ಇಂಥ ಪವಾಡಕ್ಕೆ ಅವಕಾಶ ಇಲ್ಲ ಅನ್ನುವುದು ಬೋಆಲ್ ಪದ್ಧತಿಯದ್ದೇ ನಿಯಮ. "ಇದು ಮಂತ್ರ" ಅಂತ ಗುಂಪೇ ಕೂಗಿ ವಾಪಸ್ ಕಳಿಸಬಹುದು.

ನಾಲ್ಕನೆಯವನು ಎಂದೂ ಜಾಸ್ತಿ ಮಾತಾಡದ ಹುಡುಗ. "ನಿಲ್ಲಿಸು" ಅಂತ ಹೇಳಲೂ ಇಲ್ಲ, ಕೈ ಎತ್ತಿದ ಅಷ್ಟೆ. ಹಾಸಿಗೆಯಲ್ಲಿ ಮಲಗಿ, ಮೊದಲ "ಗು... ಗು..." ಕೇಳಿದ ತಕ್ಷಣ ಜೋರಾಗಿ "ಲೋ, ನಾಳೆ ಮ್ಯಾಚ್ ಎಷ್ಟೊತ್ತಿಗೋ?" ಅಂದ. ಪಕ್ಕದ ಹಾಸಿಗೆಯವನು ಅಭ್ಯಾಸಬಲದಿಂದ "ನಾಲ್ಕಕ್ಕೆ" ಅಂದುಬಿಟ್ಟ. ಇನ್ನೊಬ್ಬ "ಅಲ್ಲ, ನಾಲ್ಕೂವರೆ" ಅಂದ. ಸಹಾಯಕ ವಾರ್ಡನ್ ಮತ್ತೆ ತೊದಲಲು ನೋಡಿದರು, ಮಾತು ಮ್ಯಾಚಿನ ಕಡೆ ಹೊರಟುಹೋಗಿತ್ತು. ಯಾರೂ ಯಾರಿಗೂ ಎದುರು ಹೋಗಲಿಲ್ಲ, ಯಾರ ಶೂವೂ ಮಾಯವಾಗುವ ಹಾಗಿಲ್ಲ. ಸಹಾಯಕ ವಾರ್ಡನ್ ಆಮೇಲೆ ನನ್ನ ಹತ್ತಿರ "ಹಾಸಿಗೆ ಮೇಲೆ ನಾನೊಬ್ಬನೇ ಪೆದ್ದನ ಹಾಗೆ ಉಳಿದೆ" ಅಂದರು. ಅಷ್ಟೇ ಬೇಕಾಗಿದ್ದುದು.

ಆದರೆ ಮಾತು ತಿರುಗಿಸಿದ್ದು ಆ ರಾತ್ರಿಗೆ ಮಾತ್ರ ಔಷಧಿ. ಟವೆಲ್ ಇನ್ನೂ ಕುರ್ಚಿಯ ಮೇಲೇ ಇದೆ. ಹಾಗಾಗಿ ದೃಶ್ಯವನ್ನು ಮುಂದಿನ ಬೆಳಿಗ್ಗೆಗೆ ಎಳೆದೆವು: ಹಲ್ಲುಜ್ಜುವ ಜಾಗ, ಟವೆಲ್ ಅಲ್ಲಿದೆ, ನೀನು ಪಕ್ಕ ಹೋಗಿ ಏನನ್ನುತ್ತೀ? ಇಲ್ಲಿ ಮಕ್ಕಳು ತಡವರಿಸುತ್ತಾರೆ. "ಬೇಜಾರಾಯ್ತಾ?" ಅಂದರೆ "ಇಲ್ಲ" ಅನ್ನುತ್ತಾನೆ, ಮಾತು ಮುಗಿಯಿತು. ಎಂಟು-ಹತ್ತು ಪ್ರಯತ್ನದ ಮೇಲೆ ಒಬ್ಬ ಹೇಳಿದ್ದು: "ನಿನ್ನೆ ರಾತ್ರಿದು ನಂಗೆ ಇಷ್ಟ ಆಗ್ಲಿಲ್ಲ ಕಣೋ. ಬಾ, ತಿಂಡಿಗೆ ಹೋಗೋಣ." ಪ್ರಶ್ನೆ ಇಲ್ಲ, ಕನಿಕರ ಇಲ್ಲ, ಜೊತೆಗೆ ನಡೆಯುವುದು ಇದೆ. ಆ ಎರಡು ವಾಕ್ಯವನ್ನು ಹದಿನಾಲ್ಕೂ ಮಕ್ಕಳ ಬಾಯಲ್ಲಿ ಒಂದೊಂದು ಸಲ ಹೇಳಿಸಿದೆವು. ಅಭ್ಯಾಸ ಅಂದರೆ ಇದೇ, ಬಾಯಿಗೆ ಆ ಮಾತು ಒಮ್ಮೆ ಬಂದು ಹೋಗಿರಬೇಕು.

ಕೊನೆಯ ತುಣುಕು ದೊಡ್ಡವರಿಗೆ ಹೇಳುವುದು. ಹನ್ನೆರಡರ ವಯಸ್ಸಿನಲ್ಲಿ ಇದಕ್ಕಿರುವ ಹೆಸರು ಚಾಡಿ. ಮಕ್ಕಳಿಗೆ ನಾನು ಕೊಡುವ ಅಳತೆಗೋಲು: ಒಬ್ಬನನ್ನು ಸಿಕ್ಕಿಸೋಕೆ ಹೇಳಿದರೆ ಚಾಡಿ, ಒಬ್ಬನನ್ನು ಬಿಡಿಸೋಕೆ ಹೇಳಿದರೆ ಅಲ್ಲ. ನಂತರ ಹೇಳುವ ರೀತಿಯನ್ನೇ ಅಭ್ಯಾಸ ಮಾಡಿಸುತ್ತೇವೆ. ಏನಾಯಿತು, ಎಲ್ಲಿ, ಎಷ್ಟು ಸಲ, ನನ್ನ ಹೆಸರು ಬರಬಾರದು. "ಸರ್, ಲೈಟ್ ಆರಿಸಿದ ಮೇಲೆ ನಮ್ಮ ಕೋಣೆಯಲ್ಲಿ ಅವನ ಮಾತು ಅಣಕಿಸ್ತಾರೆ. ಈ ವಾರ ಮೂರು ಸಲ. ನಾನು ಹೇಳಿದ್ದು ಗೊತ್ತಾಗಬಾರದು." ಇಪ್ಪತ್ತು ಸೆಕೆಂಡು ಸಾಕು.

ಇಲ್ಲಿ ಅಭ್ಯಾಸ ಬೇಕಾಗಿರುವುದು ವಾರ್ಡನ್‌ಗಳಿಗೂ. ಮರುದಿನ ಎಲ್ಲರನ್ನೂ ನಿಲ್ಲಿಸಿ "ಯಾರೋ ನನಗೆ ಹೇಳಿದ್ದಾರೆ" ಅಂದುಬಿಟ್ಟರೆ ಆ ಮಗು ಮತ್ತೆ ಜನ್ಮದಲ್ಲಿ ಬಾಯಿ ಬಿಡುವುದಿಲ್ಲ, ಯಾರು ಹೇಳಿದರು ಅಂತ ಹುಡುಕುವ ಆಟ ಆ ರಾತ್ರಿಯೇ ಶುರು. ಸರಿಯಾದ ದಾರಿ, ಎರಡು-ಮೂರು ರಾತ್ರಿ ಲೈಟ್ ಆರಿಸಿದ ಹತ್ತು ನಿಮಿಷಕ್ಕೆ ಬಾಗಿಲ ಬಳಿ ನೀವೇ ನಿಂತು, ನಿಮ್ಮ ಕಿವಿಗೇ ಬೀಳುವ ಹಾಗೆ ಮಾಡಿಕೊಳ್ಳುವುದು. ಆಗ ಅದು ನೀವು ಕಂಡುಹಿಡಿದದ್ದು. ಇದನ್ನೂ ಸಿಬ್ಬಂದಿಯ ಸಭೆಯಲ್ಲಿ ನಾಟಕ ಮಾಡಿ ನೋಡಿ, ಅನುಭವಸ್ಥರೇ ಮೊದಲ ವಾಕ್ಯದಲ್ಲಿ ಎಡವುತ್ತಾರೆ.

ಆಟ ಮುಗಿದ ಮೇಲೆ ಪಾತ್ರ ಕಳಚುವುದನ್ನು ಮರೆಯಬೇಡಿ. ಟವೆಲ್ ಮಡಿಸಿ ಒಳಗಿಡಿ. ಕಾಟ ಕೊಟ್ಟ ಪಾತ್ರದವರು ತಮ್ಮ ನಿಜ ಹೆಸರು ಹೇಳಿ "ನಾನು ಹೀಗಲ್ಲ" ಅನ್ನಲಿ. ಸಂಜೆ ಕೊನೆಯ ಅವಧಿಗೆ ಈ ಆಟ ಇಡಲೇಬೇಡಿ. ಬಿಸಿ ಬಿಸಿಯಾಗಿ ಅದನ್ನು ಕೋಣೆಗೆ ಒಯ್ಯುತ್ತಾರೆ. ಬೆಳಗಿನ ಹೊತ್ತು, ಆಮೇಲೆ ಮೈದಾನದ ಆಟ ಇದ್ದರೆ ಒಳ್ಳೆಯದು.

ಹಾಗಾದರೆ ಯಾವುದು ಯಾವಾಗ

ಈಗಾಗಲೇ ಆ ಕೋಣೆಯಲ್ಲಿ ಒಂದು ಮಗುವಿಗೆ ಕಾಟ ನಡೆಯುತ್ತಿದೆ ಅಂತ ನಿಮಗೆ ಗೊತ್ತಿದ್ದರೆ, ನಾಲ್ಕೂ ಬೇಡ. ಅದು ದೊಡ್ಡವರು ನೇರವಾಗಿ ಕೈ ಹಾಕಬೇಕಾದ ಕೆಲಸ. ಆಟದ ಹೆಸರಿನಲ್ಲಿ ಅದನ್ನು ಮಕ್ಕಳ ಹೆಗಲಿಗೆ ಹಾಕಬಾರದು. 2011ರಲ್ಲಿ ಮಾರಿಯಾ ತೋಫಿ ಮತ್ತು ಡೇವಿಡ್ ಫ್ಯಾರಿಂಗ್ಟನ್ ಹಲವು ದೇಶಗಳ ಶಾಲಾ ಕಾರ್ಯಕ್ರಮಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಕಾಟ ಒಟ್ಟಾರೆ ಐದನೇ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಆದರೆ ಓರಗೆಯ ಮಕ್ಕಳ ಮೂಲಕ ಕೆಲಸ ಮಾಡಿಸುವ ಅಂಶ ಇದ್ದ ಕಡೆ ಕಾಟಕ್ಕೆ ಸಿಗುವವರು ಹೆಚ್ಚಿದ ಲಕ್ಷಣ ಕಂಡಿತ್ತು. ಆ ತೀರ್ಮಾನದ ಬಗ್ಗೆ ಆಮೇಲೆ ಸಾಕಷ್ಟು ವಾದ ನಡೆದಿದೆ. ನಾನು ಅದರಿಂದ ಎತ್ತಿಕೊಂಡದ್ದು ಇಷ್ಟೇ: ಮಕ್ಕಳಿಗೆ ಕಲಿಸಬೇಕಾದ್ದು ಜೊತೆ ನಿಲ್ಲುವುದು ಮತ್ತು ಹೇಳುವುದು, ತೀರ್ಪು ಕೊಡುವುದಲ್ಲ.

ಟರ್ಮಿನ ಮೊದಲ ಎರಡು ವಾರ, ಮಕ್ಕಳು ಒಬ್ಬರಿಗೊಬ್ಬರು ಗೊತ್ತಿಲ್ಲದಾಗ, ಚೀಟಿಯ ಆಟ. ನಲವತ್ತು ಮಕ್ಕಳಿಗೆ ಒಬ್ಬರೇ ದೊಡ್ಡವರಿದ್ದರೆ, ಅಥವಾ ಹಾಸ್ಟೆಲಿನ ತಾಪತ್ರಯ ದೂರ ಇಡುವುದು ಮತ್ತು ಠೂ ಬಿಡುವುದಾಗಿದ್ದರೆ, ಕಾರ್ಡು. ಗುಂಪು ಕುದುರಿದೆ, ಇಬ್ಬರು ದೊಡ್ಡವರಿದ್ದೀರಿ, ಅದರಲ್ಲಿ ಒಬ್ಬರು ಹುಡುಗರ ಮುಂದೆ ಪೆದ್ದರಾಗಲು ತಯಾರಿದ್ದೀರಿ ಅಂದರೆ ನಾಟಕ. ಒಂದೇ ಆರಿಸಬೇಕು ಅಂತ ಒತ್ತಾಯ ಮಾಡಿದರೆ ನಾನು ಕಾರ್ಡಿನ ಆಟ ಆರಿಸಿ, ಪ್ರತಿ ಸುತ್ತಿನ ಕೊನೆಗೆ "ಆ ಮಾತನ್ನು ಈಗ ಪಕ್ಕದವನಿಗೆ ಹೇಳಿ ತೋರಿಸು" ಅಂತ ಒಂದು ನಿಯಮ ಸೇರಿಸುತ್ತೇನೆ. ನಾಟಕದ ಅರ್ಧ ಲಾಭ ಸಿಗುತ್ತದೆ, ಸೊಳ್ಳೆ ಹುಟ್ಟುವುದಿಲ್ಲ.

ಯಾವ ಆಟವಾದರೂ ಹದಿನೈದು ವರ್ಷದವರನ್ನು ಹನ್ನೆರಡರವರ ಜೊತೆ ಸೇರಿಸಬೇಡಿ. ಸೀನಿಯರ್ ಕೂತಿದ್ದಾನೆ ಅಂದರೆ ಚಿಕ್ಕವರ ಬಾಯಿಗೆ ಬೀಗ. ಇನ್ನೊಂದು, ನೇರವಾಗಿ ಅಡ್ಡ ಹೋಗುವುದನ್ನು ಎಲ್ಲರಿಗೂ ಕಲಿಸಬೇಡಿ. ಪರ ನಿಲ್ಲುವ ಮಕ್ಕಳು ಸಾಮಾನ್ಯವಾಗಿ ಗುಂಪಿನಲ್ಲಿ ಮೊದಲೇ ಬೆಲೆ ಇರುವವರು. ಅಂಥವನು "ಬಿಡೋ ಸಾಕು" ಅಂದರೆ ನಡೆಯುತ್ತದೆ. ಗುಂಪಿನ ಅಂಚಿನಲ್ಲಿರುವ ಹುಡುಗ ಅದನ್ನೇ ಹೇಳಿದರೆ ನಾಳೆಯ ಸರದಿ ಅವನದು. ಅವನಿಗೆ ಮಾತು ತಿರುಗಿಸುವುದು, ನಗದೆ ಮಲಗುವುದು, ಬೆಳಿಗ್ಗೆ ಜೊತೆಗೆ ನಡೆಯುವುದು ಸಾಕು. ಅಥವಾ ಇಬ್ಬರಾಗಿ ಹೋಗಲಿ.

ಕೆಲಸ ಮಾಡುತ್ತಿದೆಯಾ ಅಂತ ಹೇಗೆ ಗೊತ್ತಾಗುತ್ತದೆ

ದೂರು ಕಡಿಮೆಯಾಯಿತು ಅಂತ ಹಿಗ್ಗಬೇಡಿ. ಆಟ ಫಲಿಸಿದರೆ ಮೊದಲ ತಿಂಗಳು ದೂರು ಜಾಸ್ತಿಯಾಗುತ್ತದೆ, ಹೇಳುವ ದಾರಿ ತೆರೆದಿದೆ ಅಂತ ಅದರ ಅರ್ಥ. ಪ್ರತಿ ಎರಡು ವಾರಕ್ಕೆ ಹಾಸ್ಟೆಲಿನ ನಕ್ಷೆಯೊಂದನ್ನು ಹೆಸರಿಲ್ಲದೆ ತುಂಬಿಸಿ: ನಿನಗೆ ಇರಲು ಇಷ್ಟವಿಲ್ಲದ ಜಾಗಕ್ಕೆ ಚುಕ್ಕಿ ಇಡು. ಚುಕ್ಕಿಗಳು ಸ್ನಾನದ ಸಾಲಿನಿಂದ ಮೆಟ್ಟಿಲ ಕೆಳಗಿನ ಜಾಗಕ್ಕೆ ಸರಿದಿದ್ದರೆ ಕಾಟ ನಿಂತಿಲ್ಲ, ಜಾಗ ಬದಲಿಸಿದೆ. ನೀವೂ ನಿಲ್ಲುವ ಜಾಗ ಬದಲಿಸಿ.

ಕೆಟ್ಟ ಗುರುತುಗಳೂ ಬೇಗ ಕಾಣುತ್ತವೆ. ಆಟದಲ್ಲಿ ಬಂದ ಮಾತು ಕಾರಿಡಾರಿನಲ್ಲಿ ಅಣಕವಾಗಿ ಕೇಳಿಸಿದರೆ ಒಂದು ತಿಂಗಳು ಆ ಆಟ ನಿಲ್ಲಿಸಿ. ಪ್ರತಿ ಸಲ "ನಿಲ್ಲಿಸು" ಅನ್ನುವವರು ಅದೇ ಮೂವರಾದರೆ ನಾಟಕ ಬಿಟ್ಟು ಕಾರ್ಡಿಗೆ ಬನ್ನಿ. ಆಟದ ದಿನವೇ ಯಾವುದಾದರೂ ಮಗು ತಲೆನೋವು ಅಂತ ಸಿಕ್ ರೂಮಿಗೆ ಹೋಗುತ್ತಿದ್ದರೆ, ಒಮ್ಮೆ ಆದರೆ ತಲೆನೋವು ಇರಬಹುದು. ಎರಡನೇ ಸಲವೂ ಹಾಗೇ ಆದರೆ ಆಟವನ್ನು ಇನ್ನೊಬ್ಬರಿಗೆ ವಹಿಸಿ, ನೀವು ಸಿಕ್ ರೂಮಿಗೆ ಹೋಗಿ ಅವನ ಪಕ್ಕ ಕೂತುಕೊಳ್ಳಿ.